ಎರಡು ಬೆಡ್‌ರೂಮಿನ ಸಾಧಾರಣ ಫ್ಲ್ಯಾಟಿಗೆ ಬಾಡಿಗೆ ಜಾಹೀರಾತು ಬರೆಯುವ ಬಗೆ: ಮಂಗಳೂರಿನ ಕೊಟ್ಟಾರದ ಒಂದು ಮನೆಯ ಉದಾಹರಣೆಯೊಂದಿಗೆ

ಒಂಬತ್ತು ವರ್ಷಗಳಿಂದ ನಮ್ಮ ಕುಟುಂಬದವರ ಮೂರು ಫ್ಲ್ಯಾಟ್‌ಗಳನ್ನು ನಾನೇ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಮನೆಯ ಮಾಲೀಕರು ಮುಂಬೈಯಲ್ಲಿ, ದುಬೈಯಲ್ಲಿ ಇದ್ದಾರೆ. ಕೀಲಿ ನನ್ನ ಹತ್ತಿರ ಇರುತ್ತದೆ. ಜಾಹೀರಾತು ಬರೆಯುವುದು, ಮನೆ ತೋರಿಸುವುದು, ನಲ್ಲಿ ಹಾಳಾದರೆ ಪ್ಲಂಬರ್‌ನನ್ನು ಕರೆಯುವುದು ಎಲ್ಲ ನನ್ನದೇ ಕೆಲಸ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಜನವರಿಯಲ್ಲಿ ಜಾಹೀರಾತು ಬರೆಯುವಾಗ "24 ಗಂಟೆ ನೀರು" ಎಂದು ಹಾಕಿದೆ. ಜನವರಿಯಲ್ಲಿ ಅದು ಸುಳ್ಳಾಗಿರಲಿಲ್ಲ. ಮೇ ತಿಂಗಳು ಬಂತು, ಕಾರ್ಪೊರೇಷನ್ ನೀರು ಕಡಿಮೆಯಾಯಿತು, ಕಟ್ಟಡದ ಬಾವಿಯಲ್ಲೂ ತಳ ಕಂಡಿತು. ಆ ಮನೆಯಲ್ಲಿದ್ದ ಇಬ್ಬರು ಹುಡುಗರು ಆಫೀಸಿಗೆ ಹೋಗುವ ಮೊದಲು ಸ್ನಾನಕ್ಕೆ ನೀರಿಲ್ಲದೆ ಒದ್ದಾಡಿದರು. "ನೀವು 24 ಗಂಟೆ ಅಂತ ಬರೆದಿದ್ದಿರಲ್ಲ" ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನ್‌ನಲ್ಲಿ ಬಿಟ್ಟು ಹೋದರು. ಮಳೆಗಾಲ ಪೂರ್ತಿ ಮನೆ ಖಾಲಿ ಬಿತ್ತು. ಮುಚ್ಚಿಟ್ಟ ಮನೆ ನಮ್ಮ ಊರಿನ ಮಳೆಗೆ ಏನಾಗುತ್ತದೆ ಎಂದು ಗೊತ್ತಲ್ವಾ? ಕಪಾಟಿನ ಒಳಗೆಲ್ಲ ಬೂಷ್ಟು. ನಾಲ್ಕು ತಿಂಗಳ ಬಾಡಿಗೆ ಹೋಯಿತು, ಮೇಲಿಂದ ಬಣ್ಣದ ಖರ್ಚು.

ಆಮೇಲೆ ನಾನು ಬರೆಯುವ ಕ್ರಮವನ್ನೇ ಬದಲಿಸಿದೆ. ಇಲ್ಲಿ ಅದನ್ನು ಚಿಕ್ಕಮ್ಮನ ಕೊಟ್ಟಾರದ ಫ್ಲ್ಯಾಟನ್ನು ಇಟ್ಟುಕೊಂಡು ಹೇಳುತ್ತೇನೆ. ಹದಿನೆಂಟು ವರ್ಷ ಹಳೆಯ ಕಟ್ಟಡ, ಎರಡನೇ ಮಹಡಿ, ಅದೇ ಕೊನೆಯ ಮಹಡಿ. ಲಿಫ್ಟ್ ಇಲ್ಲ. ಹೇಳಿಕೊಳ್ಳುವಂಥ ಅಂದವೇನೂ ಇಲ್ಲದ, ಆದರೆ ಕೆಲಸಕ್ಕೆ ಹೋಗುವ ಇಬ್ಬರಿಗೆ ಚೆನ್ನಾಗಿ ಹೊಂದುವ ಮನೆ.

ಮೊದಲು ಮನೆಯಲ್ಲಿ ಕೂತು ಲೆಕ್ಕ ತೆಗೆಯಿರಿ

ಬರೆಯುವ ಮೊದಲು ಆ ಮನೆಗೆ ಎರಡು ಸಲ ಹೋಗಿ. ಒಂದು ಸಲ ಬೆಳಿಗ್ಗೆ ಏಳರಿಂದ ಎಂಟರವರೆಗೆ, ಇನ್ನೊಂದು ಸಲ ಸಂಜೆ ಏಳರ ನಂತರ. ಕೆಲಸಕ್ಕೆ ಹೋಗುವವರು ಮನೆಯಲ್ಲಿ ಇರುವುದೇ ಆ ಹೊತ್ತಿನಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಮನೆ ಶಾಂತವಾಗಿ, ಬೆಳಕಾಗಿ ಕಾಣುತ್ತದೆ, ನಲ್ಲಿಯಲ್ಲಿ ನೀರೂ ಜೋರಾಗಿ ಬರುತ್ತದೆ. ಅದನ್ನು ನೋಡಿ ಬರೆದರೆ ಬಾಡಿಗೆದಾರರು ನೋಡುವ ಮನೆಯೇ ಬೇರೆ ಆಗಿಬಿಡುತ್ತದೆ.

ಒಂದು ಅಳತೆ ಟೇಪು, ಒಂದು 15 ಲೀಟರಿನ ಬಕೆಟ್, ಫೋನು, ನೋಟ್‌ಬುಕ್ ಸಾಕು.

ಮೊದಲು ಕೋಣೆಗಳ ಅಳತೆ. ಮನೆಯ ಕ್ರಯಪತ್ರದಲ್ಲಿ ಬರೆದಿರುವ ಚದರ ಅಡಿಯನ್ನು ಹಾಗೇ ಎತ್ತಿ ಹಾಕಬೇಡಿ. ಹಳೆಯ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಸೂಪರ್ ಬಿಲ್ಟ್‌ಅಪ್ ಅಳತೆ. ಅಂದರೆ ಮೆಟ್ಟಿಲು, ಹೊರಗೋಡೆ, ಎಲ್ಲರಿಗೂ ಸೇರಿದ ಜಾಗದ ಪಾಲು ಎಲ್ಲ ಅದರಲ್ಲಿ ಸೇರಿದೆ. ಚಿಕ್ಕಮ್ಮನ ಪತ್ರದಲ್ಲಿ 850 ಚದರ ಅಡಿ ಎಂದಿತ್ತು. ನಾನು ಟೇಪು ಹಿಡಿದು ಅಳೆದೆ. ಹಾಲ್ 11ಕ್ಕೆ 19 ಅಡಿ, ದೊಡ್ಡ ಬೆಡ್‌ರೂಮ್ 11ಕ್ಕೆ 12, ಚಿಕ್ಕದು 9ಕ್ಕೆ 10, ಅಡುಗೆಮನೆ 8ಕ್ಕೆ 9. ಎರಡು ಬಾತ್‌ರೂಮ್ ಮತ್ತು ಒಳಗಿನ ಓಡಾಟದ ಜಾಗ ಸೇರಿಸಿದರೂ ನಡೆದಾಡುವ ನೆಲ ಸುಮಾರು 600 ಚದರ ಅಡಿ. ಬಾಲ್ಕನಿ ಬೇರೆ. 850 ಎಂದು ಓದಿ ಬಂದವರಿಗೆ ಬಾಗಿಲು ತೆರೆದ ಕೂಡಲೇ ಮನೆ ಚಿಕ್ಕದಾಯಿತು ಅನಿಸುತ್ತದೆ. 600 ಎಂದು ಓದಿ ಬಂದವರು "ಪರವಾಗಿಲ್ಲ, ಹಾಲ್ ಉದ್ದ ಉಂಟು" ಎನ್ನುತ್ತಾರೆ.

ಚದರ ಅಡಿಗಿಂತಲೂ ಉಪಯೋಗಕ್ಕೆ ಬರುವುದು ಯಾವ ಕೋಣೆಯಲ್ಲಿ ಏನು ಹಿಡಿಸುತ್ತದೆ ಎಂಬ ಮಾತು. 5 ಅಡಿ ಅಗಲ, ಆರೂವರೆ ಅಡಿ ಉದ್ದದ ಡಬಲ್ ಮಂಚ 9ಕ್ಕೆ 10ರ ಕೋಣೆಯಲ್ಲಿ ಕೂರುತ್ತದೆ, ಆದರೆ ಆಮೇಲೆ ಮೇಜು ಹಾಕಲು ಜಾಗ ಇರುವುದಿಲ್ಲ. 3 ಅಡಿ ಅಗಲದ ಸಿಂಗಲ್ ಮಂಚವಾದರೆ ಲ್ಯಾಪ್‌ಟಾಪ್ ಮೇಜೂ ಹಿಡಿಯುತ್ತದೆ. ಮನೆಯಿಂದ ಕೆಲಸ ಮಾಡುವ ಹುಡುಗಿಗೆ ಈ ಒಂದು ವಾಕ್ಯ ಹತ್ತು ಫೋಟೋಗಿಂತ ಜಾಸ್ತಿ ಹೇಳುತ್ತದೆ.

ಆಮೇಲೆ ನೀರು. ಪ್ರತಿ ನಲ್ಲಿಯ ಕೆಳಗೂ ಬಕೆಟ್ ಇಟ್ಟು ಫೋನಿನಲ್ಲಿ ಸಮಯ ನೋಡಿ. ಚಿಕ್ಕಮ್ಮನ ಮನೆಯಲ್ಲಿ ಅಡುಗೆಮನೆಯ ನಲ್ಲಿಗೆ ಒಂದೂವರೆ ನಿಮಿಷ, ಬಾತ್‌ರೂಮಿನ ಶವರಿಗೆ ಮೂರು ನಿಮಿಷದ ಮೇಲೆ. ಇದಕ್ಕೆ ಕಾರಣ ಸರಳ. ಕೊನೆಯ ಮಹಡಿಗೆ ಟ್ಯಾಂಕ್ ತಲೆಯ ಮೇಲೇ ಇರುತ್ತದೆ. ನೀರು ಎತ್ತರದಿಂದ ಬಿದ್ದಷ್ಟೂ ಒತ್ತಡ ಜಾಸ್ತಿ, ಇಲ್ಲಿ ಬೀಳುವ ಎತ್ತರವೇ ಕಡಿಮೆ. ನೆಲಮಹಡಿಯವರಿಗೆ ಈ ತೊಂದರೆ ಇಲ್ಲ. ಶವರ್ ತಲೆ ಗಡಸು ನೀರಿನ ಕರೆಯಿಂದ ಕಟ್ಟಿದ್ದರೂ ಹೀಗಾಗುತ್ತದೆ. ಅದನ್ನು ಬಿಚ್ಚಿ ನೋಡಿ. ಬಿಚ್ಚಿದ ಮೇಲೂ ನೀರು ನಿಧಾನವಾದರೆ ಒತ್ತಡದ್ದೇ ಸಮಸ್ಯೆ ಎಂದು ತಿಳಿಯಬಹುದು. ನಾನು ಬಿಚ್ಚಿ ನೋಡಿದೆ, ನಿಧಾನವೇ ಇತ್ತು. ಹಾಗಾಗಿ ಜಾಹೀರಾತಿನಲ್ಲಿ "ಶವರ್ ನಿಧಾನ, ಬಕೆಟ್ ಸ್ನಾನಕ್ಕೆ ತೊಂದರೆ ಇಲ್ಲ" ಎಂದು ಬರೆದೆ.

ಇನ್ನು ಫೋನಿನ ಸಿಗ್ನಲ್. ಪ್ರತಿ ಕೋಣೆಯ ಮೂಲೆಗೂ ಹೋಗಿ ಬಾಗಿಲು ಹಾಕಿ ಒಂದು ಕರೆ ಮಾಡಿ. ಕಟ್ಟಡಕ್ಕೆ ಫೈಬರ್ ಇಂಟರ್ನೆಟ್ ಬಂದಿದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ. ಕೇಬಲ್ ಬೀದಿಗೆ ಬಂದಿರುವುದು ಬೇರೆ, ನಿಮ್ಮ ಮಹಡಿಗೆ ಎಳೆದಿರುವುದು ಬೇರೆ.

ಮೇ ಮತ್ತು ಜುಲೈ ಬಗ್ಗೆ ಕೇಳಿ

ನಮ್ಮ ಕಡೆ ಮನೆಗೆ ಎರಡು ಪರೀಕ್ಷೆ. ಒಂದು ಮೇ, ಇನ್ನೊಂದು ಜುಲೈ. ಬೇರೆ ಹತ್ತು ತಿಂಗಳಲ್ಲಿ ಮನೆ ನೋಡಿದವರಿಗೆ ಈ ಎರಡೂ ಕಾಣುವುದಿಲ್ಲ. ಹಾಗಾಗಿ ಕೆಳಗಿನ ಮನೆಯವರನ್ನು, ವಾಚ್‌ಮನ್‌ನನ್ನು, ಅಸೋಸಿಯೇಷನ್‌ನಲ್ಲಿ ನೀರಿನ ಲೆಕ್ಕ ನೋಡುವವರನ್ನು ಕೂತು ಕೇಳಿ. "ನೀರು ಹೇಗೆ?" ಎಂದು ಕೇಳಿದರೆ "ಏನೂ ತೊಂದರೆ ಇಲ್ಲ" ಎಂದೇ ಹೇಳುತ್ತಾರೆ. "ಹೋದ ಮೇ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ?" ಎಂದು ಕೇಳಿ. ಆಗ ನಿಜವಾದ ಲೆಕ್ಕ ಸಿಗುತ್ತದೆ.

ಮಂಗಳೂರಿನ ಕಾರ್ಪೊರೇಷನ್ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಬೇಸಿಗೆಯಲ್ಲಿ ಹೊಳೆಯ ಹರಿವು ನಿಂತರೆ ಅಲ್ಲಿ ಎಷ್ಟು ನೀರು ನಿಂತಿದೆಯೋ ಅಷ್ಟೇ. 2016ರಲ್ಲಿ, 2019ರಲ್ಲಿ ಊರಿಗೆಲ್ಲ ಸರದಿ ಪ್ರಕಾರ ನೀರು ಬಿಟ್ಟದ್ದು ಆಗ ಇಲ್ಲಿದ್ದವರಿಗೆ ನೆನಪಿರಬಹುದು. ಆದ್ದರಿಂದ ಒಂದು ಕಟ್ಟಡ ಬೇಸಿಗೆಯನ್ನು ಹೇಗೆ ದಾಟುತ್ತದೆ ಎಂಬುದು ಅದರ ಸಂಪಿನ ಗಾತ್ರ, ಬಾವಿ ಅಥವಾ ಬೋರ್‌ವೆಲ್, ಟ್ಯಾಂಕರಿಗೆ ದುಡ್ಡು ಕೊಡುವ ವ್ಯವಸ್ಥೆ, ಈ ಮೂರರ ಮೇಲೆ ನಿಂತಿದೆ. ಚಿಕ್ಕಮ್ಮನ ಕಟ್ಟಡದಲ್ಲಿ ಬಾವಿ ಇದೆ, ಮೇ ಕೊನೆಗೆ ಅದು ಇಳಿಯುತ್ತದೆ. ಹೋದ ಬೇಸಿಗೆಯಲ್ಲಿ ಮೂರು ಟ್ಯಾಂಕರ್ ತರಿಸಿದ್ದರು. ಆ ಖರ್ಚು ಹನ್ನೆರಡು ಮನೆಗಳಿಗೆ ಹಂಚಿಕೆಯಾಗಿತ್ತು. ಟ್ಯಾಂಕರ್ ಬರುವ ದಿನಗಳಲ್ಲಿ ಪಂಪ್ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಮಾತ್ರ. ಇಷ್ಟನ್ನೂ ಜಾಹೀರಾತಿನಲ್ಲಿ ಒಂದೆರಡು ಸಾಲಲ್ಲಿ ಹೇಳಬಹುದು.

ಜುಲೈ ವಿಷಯ ಗೋಡೆಯದ್ದು. ನಮ್ಮಲ್ಲಿ ಮಳೆ ಗಾಳಿಯ ಜೊತೆ ಸಮುದ್ರದ ಕಡೆಯಿಂದ ಬಂದು ಪಶ್ಚಿಮದ ಗೋಡೆಗೆ ಬಡಿಯುತ್ತದೆ. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಸೆ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಗೋಡೆ ಒಣಗಿದ ಮೇಲೂ ಅದರ ಗುರುತು ಉಳಿಯುತ್ತದೆ. ಕಿಟಕಿಯ ಕೆಳಗಿನ ಮೂಲೆಯಲ್ಲಿ ಬಣ್ಣ ಉಬ್ಬಿರುತ್ತದೆ, ಅಥವಾ ಬಿಳಿ ಪುಡಿ ಎದ್ದಿರುತ್ತದೆ. ಕೈಯಿಂದ ಉಜ್ಜಿದರೆ ಉದುರುತ್ತದೆ. ಗೋಡೆಗೆ ಅಂಟಿದ ಕಪಾಟಿನ ಹಿಂಬದಿಗೆ ಮೂಗು ಹಿಡಿದು ನೋಡಿ, ಹಳೆ ಪುಸ್ತಕದ ವಾಸನೆ ಬಂದರೆ ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಬರುತ್ತದೆ. ಚಿಕ್ಕಮ್ಮನ ಮನೆಯ ಚಿಕ್ಕ ಬೆಡ್‌ರೂಮಿನ ಪಶ್ಚಿಮ ಗೋಡೆಯಲ್ಲಿ ಕಿಟಕಿಯ ಎಡಕ್ಕೆ, ನೆಲದಿಂದ ಎರಡಡಿ ಎತ್ತರದವರೆಗೆ ಹೀಗಿತ್ತು.

ಕುಂದನ್ನು ಮೂರು ಮಾತಿನಲ್ಲಿ ಬರೆಯಿರಿ

ಚಿಕ್ಕಮ್ಮ ಮುಂಬೈಯಿಂದ ಫೋನಿನಲ್ಲಿ ಬೇಡ ಎಂದೇ ಹೇಳಿದರು. "ಗೋಡೆ ಪಸೆ ಅಂತ ಬರೆದ್ರೆ ಯಾರು ಬರ್ತಾರೆ ಮಗಾ? ಅದೆಲ್ಲ ಬಂದ ಮೇಲೆ ಹೇಳಿದ್ರಾಯ್ತು."

ಬಂದ ಮೇಲೆ ಹೇಳುವುದರಲ್ಲಿ ಒಂದು ಕಷ್ಟ ಇದೆ. ನೋಡಲು ಬಂದವರು ಎರಡು ಬಸ್ ಹಿಡಿದು, ಅರ್ಧ ದಿನ ರಜೆ ಹಾಕಿ ಬಂದಿರುತ್ತಾರೆ. ಆಗ ಗೋಡೆ ತೋರಿಸಿದರೆ ಮಿಕ್ಕಿದ್ದೆಲ್ಲದರ ಮೇಲೂ ಅನುಮಾನ ಹುಟ್ಟುತ್ತದೆ. ಅದೇ ಗೋಡೆಯ ಬಗ್ಗೆ ಮೊದಲೇ ಓದಿ ಬಂದವರು ನೇರ ಹೋಗಿ ಅದನ್ನು ಮುಟ್ಟಿ ನೋಡುತ್ತಾರೆ, "ಇಷ್ಟೇನಾ?" ಎನ್ನುತ್ತಾರೆ. ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಆದರೆ ಕುಂದನ್ನು ಸುಮ್ನೆ ಒಂದು ಪದದಲ್ಲಿ ಬಿಟ್ಟರೆ ಓದುವವರು ಅದನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. "ಸ್ವಲ್ಪ ತೇವ ಇದೆ" ಎಂದರೆ ಒಬ್ಬರಿಗೆ ಮಾಡು ಸೋರುವುದು ಕಾಣುತ್ತದೆ, ಇನ್ನೊಬ್ಬರಿಗೆ ಮಕ್ಕಳ ಕೆಮ್ಮು ನೆನಪಾಗುತ್ತದೆ. ಹಾಗಾಗಿ ನಾನು ಮೂರು ವಿಷಯ ಸೇರಿಸುತ್ತೇನೆ. ಎಲ್ಲಿ ಮತ್ತು ಎಷ್ಟು, ಯಾವ ತಿಂಗಳಲ್ಲಿ, ಅದಕ್ಕೆ ನಾವು ಏನು ಮಾಡಿದ್ದೇವೆ ಅಥವಾ ಮಾಡುತ್ತೇವೆ.

ಬರೆದದ್ದು ಹೀಗೆ: "ಚಿಕ್ಕ ಬೆಡ್‌ರೂಮಿನ ಪಶ್ಚಿಮ ಗೋಡೆಯ ಒಂದು ಮೂಲೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಪಸೆ ಬರುತ್ತದೆ. ಡಿಸೆಂಬರ್‌ನಲ್ಲಿ ಹೊರಗಿನಿಂದ ಬಿರುಕು ಮುಚ್ಚಿಸಿದ್ದೇವೆ, ಇನ್ನೂ ಒಂದು ಮಳೆಗಾಲ ನೋಡಬೇಕು. ಆ ಗೋಡೆಗೆ ಮಂಚ, ಕಪಾಟು ಅಂಟಿಸಬೇಡಿ. ಮತ್ತೆ ಬಂದರೆ ಸರಿಮಾಡಿಸುವ ಖರ್ಚು ನಮ್ಮದು."

"ಇನ್ನೂ ಒಂದು ಮಳೆಗಾಲ ನೋಡಬೇಕು" ಎಂಬ ಸಾಲನ್ನು ತೆಗೆಯಬೇಡಿ. ಪಸೆಯ ರಿಪೇರಿ ಆಯಿತೋ ಇಲ್ಲವೋ ಎಂದು ಡಿಸೆಂಬರ್‌ನಲ್ಲಿ ಯಾವ ಮೇಸ್ತ್ರಿಯೂ ಹೇಳಲಾರ. "ಸರಿ ಮಾಡಿಸಿದ್ದೇವೆ" ಎಂದು ಬರೆದು ಜುಲೈಯಲ್ಲಿ ಮತ್ತೆ ಬಂದರೆ ನೀವು ಸುಳ್ಳು ಹೇಳಿದಂತಾಗುತ್ತದೆ. ಖರ್ಚು ನಮ್ಮದು ಎಂದು ಬರೆಯುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ. ಮಾಡಿಕೊಡಲಾಗದ್ದನ್ನು ಬರೆಯುವುದಕ್ಕಿಂತ ಆ ಸಾಲು ಇಲ್ಲದಿರುವುದೇ ಒಳ್ಳೆಯದು.

ಒಂದು ಮಿತಿಯೂ ಇದೆ. ಸ್ವಿಚ್ ಬೋರ್ಡಿನಲ್ಲಿ ಶಾಕ್ ಹೊಡೆಯುವುದು, ಸೂರಿನ ಗಾರೆ ಉದುರುವುದು, ಗೀಸರಿಗೆ ಅರ್ಥಿಂಗ್ ಇಲ್ಲದಿರುವುದು, ಇವನ್ನು ಜಾಹೀರಾತಿನಲ್ಲಿ ಬರೆದು ಪ್ರಾಮಾಣಿಕತೆ ತೋರಿಸಿದೆ ಎಂದುಕೊಳ್ಳುವ ಹಾಗಿಲ್ಲ. ಇವನ್ನು ರಿಪೇರಿ ಮಾಡಿಸಿದ ಮೇಲೆಯೇ ಜಾಹೀರಾತು.

ದುಡ್ಡಿನ ಲೆಕ್ಕ ಪೂರ್ತಿ ಕೊಡಿ

ಈಗಷ್ಟೇ ಕೆಲಸಕ್ಕೆ ಸೇರಿದವರು ಬಾಡಿಗೆಯ ಅಂಕಿಯನ್ನು ನೋಡಿ ನಿರ್ಧರಿಸುವುದಿಲ್ಲ. ತಿಂಗಳಿಗೆ ಕೈಯಿಂದ ಎಷ್ಟು ಹೋಗುತ್ತದೆ, ಮೊದಲ ದಿನ ಎಷ್ಟು ತರಬೇಕು, ಬಿಡುವಾಗ ಎಷ್ಟು ವಾಪಸ್ ಬರುತ್ತದೆ, ಈ ಮೂರನ್ನು ನೋಡುತ್ತಾರೆ. ಮೂರನ್ನೂ ನೀವೇ ಬರೆದುಬಿಡಿ.

ಕೊಟ್ಟಾರದ ಮನೆಗೆ ಬಾಡಿಗೆ 14,000 ರೂಪಾಯಿ, ಮೈಂಟೆನೆನ್ಸ್ 1,200. ತಿಂಗಳಿಗೆ ಒಟ್ಟು 15,200. ಇಬ್ಬರು ಹಂಚಿಕೊಂಡರೆ ತಲೆಗೆ 7,600. ಡೆಪಾಸಿಟ್ 60,000. ಅಂದರೆ ಕೀಲಿ ಕೈಗೆ ಬರುವ ದಿನ 75,200 ಬೇಕು. ನೇರ ಮನೆಯವರಿಂದ ಆದ್ದರಿಂದ ಬ್ರೋಕರ್ ಕಮಿಷನ್ ಇಲ್ಲ. ಬಿಡುವಾಗ ಬಣ್ಣಕ್ಕೆಂದು 7,000 ಹಿಡಿಯುತ್ತೇವೆ, ಎರಡು ವರ್ಷ ದಾಟಿದವರಿಂದ ಹಿಡಿಯುವುದಿಲ್ಲ. ಈ ಬಣ್ಣದ ದುಡ್ಡಿನ ಮಾತನ್ನು ಬಹಳ ಮನೆಯವರು ಬಿಡುವ ದಿನದವರೆಗೆ ಬಾಯಿಬಿಡುವುದಿಲ್ಲ. ಜಗಳ ಹುಟ್ಟುವುದೂ ಅಲ್ಲೇ.

ಕರೆಂಟಿಗೆ ರೂಪಾಯಿ ಬರೆಯಬೇಡಿ, ಯೂನಿಟ್ ಬರೆಯಿರಿ. ದರ ಬದಲಾಗುತ್ತದೆ, ಮನೆಯ ಬಳಕೆ ಅಷ್ಟು ಬದಲಾಗುವುದಿಲ್ಲ. ಹಿಂದಿನ ವರ್ಷದ ಮೆಸ್ಕಾಂ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡರೆ ಐದು ನಿಮಿಷದ ಕೆಲಸ. ಈ ಮನೆಯಲ್ಲಿ ಎಸಿ ಇಲ್ಲದೆ ತಿಂಗಳಿಗೆ 110ರಿಂದ 165 ಯೂನಿಟ್ ಬರುತ್ತಿತ್ತು, ಏಪ್ರಿಲ್, ಮೇಯಲ್ಲಿ ಜಾಸ್ತಿ. 2023ರಿಂದ ಗೃಹಜ್ಯೋತಿ ಇರುವುದರಿಂದ ಬಾಡಿಗೆಗೆ ಬರುವವರು ಅದರ ಬಗ್ಗೆ ಕೇಳಿಯೇ ಕೇಳುತ್ತಾರೆ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಅದನ್ನು ಪಡೆಯಬಹುದು. ಆದರೆ ಹಿಂದಿನವರ ಆಧಾರ್ ಆ ಮೀಟರಿನ ಜೊತೆಯಲ್ಲೇ ಉಳಿದಿದ್ದರೆ ಹೊಸಬರಿಗೆ ತೊಡಕು. ಹಿಂದಿನವರು ಹೋಗುವ ಮೊದಲೇ ಅದನ್ನು ಬಿಡಿಸಿ, ಜಾಹೀರಾತಿನಲ್ಲಿ ಒಂದು ಸಾಲು ಹಾಕಿ.

ಕರಾರು 11 ತಿಂಗಳದ್ದು ಎಂದರೆ ಸಾಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾದ್ದರಿಂದ ಎಲ್ಲರೂ 11 ಎಂದೇ ಬರೆಯುವುದು. ಇದಕ್ಕಿಂತ ಬಾಡಿಗೆದಾರರಿಗೆ ಮುಖ್ಯವಾದದ್ದು ನೋಟಿಸ್. ಕೆಲಸ ಬೇರೆ ಊರಿಗೆ ಬದಲಾದರೆ ಎಷ್ಟು ದಿನ ಮೊದಲು ಹೇಳಬೇಕು, ಹೇಳಿದರೆ ಡೆಪಾಸಿಟ್ ಪೂರ್ತಿ ಬರುತ್ತದೆಯೇ ಎಂದು ಬರೆಯಿರಿ.

ದೂರವನ್ನು ನಡೆದು ನೋಡಿ ಬರೆಯಿರಿ

"ನಗರದ ಹೃದಯಭಾಗದಲ್ಲಿ", "ಎಲ್ಲದಕ್ಕೂ 5 ನಿಮಿಷ", "ಸಕಲ ಸೌಲಭ್ಯ". ಈ ಮಾತುಗಳನ್ನು ಎಲ್ಲ ಜಾಹೀರಾತಿನಲ್ಲೂ ಓದಿ ಓದಿ ಜನರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಬದಲಿಗೆ ಬಸ್ ಸ್ಟಾಪಿನಿಂದ ಮನೆಗೆ ನೀವೇ ನಡೆದು ಬನ್ನಿ. ಕೊಟ್ಟಾರ ಚೌಕಿಯಿಂದ ಈ ಮನೆಗೆ ನನಗೆ 9 ನಿಮಿಷ ಹಿಡಿಯಿತು, ಕೊನೆಯ ಎರಡು ನಿಮಿಷ ಏರು. ನಮ್ಮ ಊರಿನಲ್ಲಿ ಏರು ತಗ್ಗು ಹೇಳದೆ ದೂರ ಹೇಳಿದರೆ ಅರ್ಧ ಹೇಳಿದಂತೆ. ಬೆಳಿಗ್ಗೆ ಎಂಟೂವರೆಗೆ ಸಿಟಿ ಬಸ್ ಹತ್ತಿ ಊರ ನಡುವಿನ ಹಂಪನಕಟ್ಟೆಗೆ ಹೋದೆ, 25 ನಿಮಿಷ ಆಯಿತು. ಸಂಜೆ ವಾಪಸ್ ಬರುವಾಗ 35. ಸುರತ್ಕಲ್ ಕಡೆ ಕೆಲಸ ಇರುವವರಿಗೆ ಹೈವೇಯಲ್ಲೇ ಬಸ್ ಸಿಗುತ್ತದೆ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿದ್ದರೂ ಯಾರೂ ಬರೆಯುವುದಿಲ್ಲ. ಜೋರು ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದೆ. ಹೊರ ಊರಿನಿಂದ ಬಂದ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದವರು ಮನೆಯೊಳಗೂ ನೀರು ಬರುತ್ತದೆಯೋ ಎಂದು ಫೋನು ಮಾಡುವುದೇ ಇಲ್ಲ. "ಜೋರು ಮಳೆಗೆ ಚೌಕಿಯಲ್ಲಿ ಕೆಲವು ಗಂಟೆ ನೀರು ನಿಲ್ಲುತ್ತದೆ, ಮನೆ ಏರಿನ ಮೇಲಿರುವುದರಿಂದ ನಮ್ಮ ಗೇಟಿನವರೆಗೆ ಬರುವುದಿಲ್ಲ" ಎಂದು ಬರೆದರೆ ಇಬ್ಬರಿಗೂ ಉತ್ತರ ಸಿಗುತ್ತದೆ.

ಯಾವ ಗುಣವನ್ನು ಮುಂದೆ ಇಡಬೇಕು

ಸಾಧಾರಣ ಮನೆಗೆ ಗುಣಗಳು ಸಾಧಾರಣ ಜಾಗದಲ್ಲೇ ಇರುತ್ತವೆ. ಚಿಕ್ಕಮ್ಮ "ಟೈಲ್ಸ್ ಹೊಸದು, ಅದನ್ನು ಬರೆ" ಎಂದರು. ಮನೆ ನೋಡಲು ಬಂದ ಯಾವ ಹುಡುಗ ಹುಡುಗಿಯೂ ನನ್ನ ಹತ್ತಿರ ಟೈಲ್ಸ್ ಬಗ್ಗೆ ಕೇಳಿಲ್ಲ. ಅವರು ಕೇಳುವುದು "ಬಟ್ಟೆ ಎಲ್ಲಿ ಒಣಗಿಸುವುದು?" "ಸ್ಕೂಟರ್ ಚಂಡಿ ಆಗ್ತದಾ?" "ರಾತ್ರಿ ಡ್ಯೂಟಿ ಮುಗಿಸಿ ಬಂದ್ರೆ ಗೇಟ್ ತೆರೆದಿರ್ತದಾ?"

ಮೊದಲ ಪ್ರಶ್ನೆಯೇ ಈ ಮನೆಯ ಬಲ. ಇಲ್ಲಿನ ಬಹಳಷ್ಟು ಕಟ್ಟಡಗಳಂತೆ ಇದರ ಟೆರೇಸಿಗೂ ಶೀಟ್ ಹಾಕಿದೆ. ಸೂರು ಸೋರದಿರಲಿ ಎಂದು ಹಾಕಿದ ಶೀಟು, ಕೆಳಗೆ ಉದ್ದಕ್ಕೂ ಹಗ್ಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್ಕನಿಯಲ್ಲಿ ಬಟ್ಟೆ ಮೂರು ದಿನ ಬಿಟ್ಟರೂ ಒಣಗದ ಊರಿನಲ್ಲಿ, ಒಂದೇ ಮಹಡಿ ಮೇಲೆ ಹೋದರೆ ಗಾಳಿ ಆಡುವ, ಮಳೆ ಬೀಳದ ಜಾಗ ಇದೆ ಎಂದರೆ ಅದು ಸಣ್ಣ ಮಾತಲ್ಲ. ಯೂನಿಫಾರ್ಮ್ ದಿನಾ ತೊಳೆಯಬೇಕಾದ ನರ್ಸ್‌ಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಶೀಟ್ ಇರುವುದರಿಂದ ಕೊನೆಯ ಮಹಡಿಯ ಬಿಸಿಲ ಸೆಕೆಯೂ ಸ್ವಲ್ಪ ಕಡಿಮೆ. ನಾನು ಇದನ್ನು ಜಾಹೀರಾತಿನ ಮೇಲಕ್ಕೇ ತಂದೆ. ಟೈಲ್ಸ್ ಫೋಟೋದಲ್ಲಿ ಕಾಣುತ್ತದೆ, ಅದಕ್ಕೆ ಸಾಲು ಬೇಡ.

ನಿಯಮಗಳು

ನಿಯಮ ಬರೆಯುವ ಮೊದಲು ಮನೆಯವರನ್ನೂ ಅಸೋಸಿಯೇಷನ್ನಿನವರನ್ನೂ ಕೇಳಿ ಸ್ಪಷ್ಟ ಮಾಡಿಕೊಳ್ಳಿ. ನೀವು "ಬ್ಯಾಚುಲರ್ಸ್ ಆಗಬಹುದು" ಎಂದು ಬರೆದು, ಸಾಮಾನು ಇಳಿಸುವ ದಿನ ಕೆಳಗಿನ ಮನೆಯವರು ತಕರಾರು ತೆಗೆದರೆ ಪಾಪ ಆ ಮಕ್ಕಳ ಗತಿ ಏನು?

ಬರೆಯುವಾಗ ಜನರ ಬಗ್ಗೆ ಬರೆಯಬೇಡಿ, ಮನೆಯ ಬಳಕೆಯ ಬಗ್ಗೆ ಬರೆಯಿರಿ. "ಒಳ್ಳೆಯ ಹುಡುಗರು ಮಾತ್ರ", "ಡೀಸೆಂಟ್ ಫ್ಯಾಮಿಲಿ" ಎಂಬ ಮಾತುಗಳಿಂದ ಯಾರೂ ಹಿಂದೆ ಸರಿಯುವುದಿಲ್ಲ, ಎಲ್ಲರಿಗೂ ಮನಸ್ಸು ಮಾತ್ರ ಕಹಿಯಾಗುತ್ತದೆ. "ರಾತ್ರಿ ಹತ್ತರ ನಂತರ ಟೆರೇಸಿನಲ್ಲಿ ಕೂರುವುದು, ಜೋರು ಹಾಡು ಬೇಡ, ಕೆಳಗೆ ವಯಸ್ಸಾದವರಿದ್ದಾರೆ" ಎಂದರೆ ಏನು ಬೇಕೋ ಅದು ತಿಳಿಯುತ್ತದೆ. ಜಾತಿ, ಧರ್ಮದ ಷರತ್ತನ್ನು ನಾನು ಬರೆಯುವುದಿಲ್ಲ, ಬರೆಯಿಸುವ ಮನೆಯವರ ಮನೆಯನ್ನು ತೋರಿಸುವುದೂ ಇಲ್ಲ. ಅಡುಗೆಯ ಮಾತು ನಮ್ಮೂರಲ್ಲಿ ಅಂದರೆ ಮೀನಿನ ಮಾತು. ಮೀನು ಮಾಡಬಹುದು ಎಂದಿದ್ದರೆ ಸ್ಪಷ್ಟವಾಗಿ "ಮೀನು, ಮಾಂಸ ಮಾಡಬಹುದು" ಎಂದು ಬರೆಯಿರಿ. ಬರೆಯದಿದ್ದರೆ ಕೇಳಲು ಸಂಕೋಚಪಟ್ಟೇ ಎಷ್ಟೋ ಜನ ಫೋನು ಮಾಡುವುದಿಲ್ಲ.

ಎಲ್ಲ ಸೇರಿಸಿ ಬರೆದದ್ದು

ಫೋನಿನಲ್ಲಿ ಮೊದಲು ಕಾಣುವುದು ಎರಡು ಮೂರು ಸಾಲು. ಜಾಗ, ತಿಂಗಳ ಒಟ್ಟು ಖರ್ಚು, ಯಾವಾಗ ಖಾಲಿ, ಯಾರಿಗೆ ಆಗುತ್ತದೆ, ಈ ನಾಲ್ಕು ಅಷ್ಟರಲ್ಲೇ ಬರಲಿ. ಆಮೇಲೆ ಮನೆ, ಆಮೇಲೆ ಕುಂದು, ಆಮೇಲೆ ದುಡ್ಡಿನ ವಿವರ, ಕೊನೆಗೆ ನಿಯಮ. ಕುಂದನ್ನು ತೀರಾ ಕೊನೆಗೆ ಹಾಕಿದರೆ ಬಚ್ಚಿಟ್ಟ ಹಾಗೆ ಕಾಣುತ್ತದೆ. ಫೆಬ್ರವರಿ ಮೊದಲ ವಾರ ನಾನು ಹಾಕಿ, ಕಾರಿನ ಮಾತನ್ನು ಆಮೇಲೆ ಸೇರಿಸಿದ ಜಾಹೀರಾತು ಇದು:

> ಕೊಟ್ಟಾರ ಚೌಕಿ ಹತ್ತಿರ 2 ಬೆಡ್‌ರೂಮ್ ಫ್ಲ್ಯಾಟ್. ಮೈಂಟೆನೆನ್ಸ್ ಸೇರಿ ತಿಂಗಳಿಗೆ 15,200 ರೂ., ಕರೆಂಟ್ ಬೇರೆ. ಮಾರ್ಚ್ 1ರಿಂದ ಖಾಲಿ. ಕೆಲಸಕ್ಕೆ ಹೋಗುವ ಇಬ್ಬರು ಮೂವರಿಗೆ ಅಥವಾ ಗಂಡ ಹೆಂಡತಿಗೆ ಸರಿಹೊಂದುತ್ತದೆ.
>
> ಎರಡನೇ ಮಹಡಿ, ಲಿಫ್ಟ್ ಇಲ್ಲ, 36 ಮೆಟ್ಟಿಲು. ಒಳಜಾಗ ಸುಮಾರು 600 ಚದರ ಅಡಿ, ಬಾಲ್ಕನಿ ಬೇರೆ. ಹಾಲ್ ಉದ್ದವಿದೆ. ದೊಡ್ಡ ಬೆಡ್‌ರೂಮಿನಲ್ಲಿ ಡಬಲ್ ಮಂಚ, ಕಪಾಟು ಹಿಡಿಯುತ್ತದೆ. ಚಿಕ್ಕದರಲ್ಲಿ ಸಿಂಗಲ್ ಮಂಚ, ಕೆಲಸದ ಮೇಜು ಹಿಡಿಯುತ್ತದೆ. ಟೆರೇಸಿಗೆ ಶೀಟ್ ಇದೆ, ಮಳೆಗಾಲದಲ್ಲೂ ಬಟ್ಟೆ ಒಣಗುತ್ತದೆ. ಎರಡು ಸ್ಕೂಟರಿಗೆ ಮಾಡಿನಡಿ ಜಾಗ. ಕಾರಿಗೆ ಇಲ್ಲ. ಫೈಬರ್ ಇಂಟರ್ನೆಟ್ ಮನೆವರೆಗೆ ಬಂದಿದೆ. ಎರಡು ಫ್ಯಾನ್, ಒಂದು ಗೀಸರ್ ಇದೆ, ಬೇರೆ ಸಾಮಾನು ಇಲ್ಲ.
>
> ಬಸ್ ಸ್ಟಾಪಿಗೆ 9 ನಿಮಿಷ ನಡಿಗೆ, ಸ್ವಲ್ಪ ಏರು. ಹಂಪನಕಟ್ಟೆಗೆ ಬೆಳಿಗ್ಗೆ ಬಸ್ಸಿನಲ್ಲಿ ಸುಮಾರು 25 ನಿಮಿಷ. ಜೋರು ಮಳೆಗೆ ಚೌಕಿಯಲ್ಲಿ ನೀರು ನಿಲ್ಲುತ್ತದೆ, ನಮ್ಮ ಗೇಟಿನವರೆಗೆ ಬರುವುದಿಲ್ಲ.
>
> ಮೊದಲೇ ತಿಳಿದಿರಲಿ: ಕೊನೆಯ ಮಹಡಿಯಾದ್ದರಿಂದ ಶವರ್ ನಿಧಾನ. ಮೇಯಲ್ಲಿ ಬಾವಿ ಇಳಿದಾಗ ಬೆಳಿಗ್ಗೆ, ಸಂಜೆ ಮಾತ್ರ ನೀರು. ಹೋದ ವರ್ಷ ಮೂರು ಟ್ಯಾಂಕರ್ ತರಿಸಿದ್ದರು, ಖರ್ಚು 12 ಮನೆಗೆ ಹಂಚಿಕೆ. ಚಿಕ್ಕ ಬೆಡ್‌ರೂಮಿನ ಪಶ್ಚಿಮ ಗೋಡೆಯ ಮೂಲೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಪಸೆ ಬರುತ್ತಿತ್ತು. ಡಿಸೆಂಬರ್‌ನಲ್ಲಿ ಬಿರುಕು ಮುಚ್ಚಿಸಿದ್ದೇವೆ, ಇನ್ನೂ ಒಂದು ಮಳೆಗಾಲ ನೋಡಬೇಕು. ಮತ್ತೆ ಬಂದರೆ ರಿಪೇರಿ ಖರ್ಚು ನಮ್ಮದು.
>
> ಡೆಪಾಸಿಟ್ 60,000. ಬಿಡುವಾಗ ಬಣ್ಣಕ್ಕೆ 7,000 ಹಿಡಿಯುತ್ತೇವೆ, ಎರಡು ವರ್ಷ ದಾಟಿದರೆ ಇಲ್ಲ. 11 ತಿಂಗಳ ಕರಾರು, ಒಂದು ತಿಂಗಳ ನೋಟಿಸ್. ಕಮಿಷನ್ ಇಲ್ಲ. ಕರೆಂಟ್ ಹಿಂದಿನ ವರ್ಷ ತಿಂಗಳಿಗೆ 110ರಿಂದ 165 ಯೂನಿಟ್, ಬೇಸಿಗೆಯಲ್ಲಿ ಜಾಸ್ತಿ. ಹಿಂದಿನವರ ಗೃಹಜ್ಯೋತಿ ಬಿಡಿಸಿ ಆಗಿದೆ.
>
> ಮೀನು, ಮಾಂಸ ಮಾಡಬಹುದು. ನೈಟ್ ಡ್ಯೂಟಿಯವರಿಗೆ ಗೇಟಿನ ಕೀಲಿ ಕೊಡುತ್ತೇವೆ. ರಾತ್ರಿ ಹತ್ತರ ನಂತರ ಟೆರೇಸಿನಲ್ಲಿ ಗದ್ದಲ ಬೇಡ. ಸಂಜೆ 6ರಿಂದ 8ರೊಳಗೆ ಮನೆ ನೋಡಬಹುದು.

ಫೋಟೋ ಈ ಮಾತಿಗೆ ಹೊಂದಬೇಕು. ಗೋಡೆಯ ಆ ಮೂಲೆಯದ್ದು ಒಂದು, ಟೆರೇಸಿನ ಹಗ್ಗದ್ದು ಒಂದು ಇರಲಿ. ಅಗಲ ಲೆನ್ಸಿನಲ್ಲಿ 9ಕ್ಕೆ 10ರ ಕೋಣೆಯನ್ನು ಹಾಲ್ ಮಾಡಬೇಡಿ. ಬಾಗಿಲ ಮೂಲೆಯಲ್ಲಿ ನಿಂತು ಸಾದಾ ಕ್ಯಾಮರಾದಲ್ಲಿ ಎದೆಯ ಎತ್ತರಕ್ಕೆ ಹಿಡಿದು ತೆಗೆದರೆ ಸಾಕು. ಕೆಲಸಕ್ಕೆಂದು ಬೇರೆ ರಾಜ್ಯದಿಂದ ಬರುವವರೂ ಇರುವುದರಿಂದ ಇದನ್ನೇ ಇಂಗ್ಲಿಷಿನಲ್ಲೂ ಬರೆದು ಹಾಕಿ. ಆಗ ಕುಂದಿನ ಭಾಗವನ್ನು ಚಿಕ್ಕದು ಮಾಡುವ ಆಸೆ ಬರುತ್ತದೆ. ಮಾಡಬೇಡಿ.

ಫೋನುಗಳಿಂದ ತಿದ್ದಿಕೊಳ್ಳುವುದು

ಜಾಹೀರಾತು ಹಾಕಿದ ಮೊದಲ ವಾರ ಬಂದ ಪ್ರತಿ ಫೋನಿನ ಮೊದಲ ಪ್ರಶ್ನೆಯನ್ನು ಬರೆದಿಡಿ. ಒಂದೇ ಪ್ರಶ್ನೆ ಮೂರು ಜನರಿಂದ ಬಂದರೆ ಅದು ಜಾಹೀರಾತಿನಲ್ಲಿ ಇಲ್ಲ, ಅಥವಾ ಇದ್ದರೂ ಸಿಕ್ಕುವ ಜಾಗದಲ್ಲಿ ಇಲ್ಲ. ನನ್ನ ಮೊದಲ ಕರಡಿನಲ್ಲಿ ಕಾರಿನ ಮಾತು ಇರಲಿಲ್ಲ. ನಾಲ್ಕು ಜನ ಕೇಳಿದರು, ಸೇರಿಸಿದೆ. ಫೋನೇ ಬರದಿದ್ದರೆ ಮೊದಲ ಎರಡು ಸಾಲು ಅಥವಾ ಬಾಡಿಗೆ ನೋಡಿ. ಅದೇ ಬೀದಿಯಲ್ಲಿ ಲಿಫ್ಟ್ ಇರುವ ಮನೆ ಇದೇ ಬಾಡಿಗೆಗೆ ಸಿಗುತ್ತಿದ್ದರೆ ಯಾವ ಬರವಣಿಗೆಯೂ ಸಹಾಯಕ್ಕೆ ಬರುವುದಿಲ್ಲ. ಜನ ಬಂದು ನೋಡಿ ಸುಮ್ಮನೆ ಹೋಗುತ್ತಿದ್ದರೆ ಓದಿದ್ದಕ್ಕೂ ನೋಡಿದ್ದಕ್ಕೂ ಎಲ್ಲೋ ಹೊಂದಿಕೆ ಇಲ್ಲ. ಅಂಥವರಿಗೆ ಆಮೇಲೆ ಒಂದು ಮೆಸೇಜ್ ಹಾಕಿ ಏನು ಬೇರೆ ಅನಿಸಿತು ಎಂದು ಕೇಳಿ, ಬಹಳ ಜನ ಹೇಳುತ್ತಾರೆ. ಈ ಸಲ ಒಬ್ಬಳು "ಚಿಕ್ಕ ರೂಮಿನಲ್ಲಿ ಸಂಜೆ ಬಿಸಿಲು ಜಾಸ್ತಿ" ಎಂದಳು. ನಾನು ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಹೋಗಿದ್ದರಿಂದ ಐದು ಗಂಟೆಯ ಬಿಸಿಲು ತಪ್ಪಿಹೋಗಿತ್ತು. ಅದೂ ಸೇರಿತು.

ಮನೆ ಹಿಡಿದದ್ದು ಇಬ್ಬರು ಗೆಳತಿಯರು. ಒಬ್ಬಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಇನ್ನೊಬ್ಬಳಿಗೆ ಬ್ಯಾಂಕಿನಲ್ಲಿ. ಬಂದವರು ನೇರ ಚಿಕ್ಕ ಬೆಡ್‌ರೂಮಿಗೆ ಹೋಗಿ ಆ ಮೂಲೆಯನ್ನು ಕೈಯಿಂದ ಉಜ್ಜಿ ನೋಡಿದರು, ಆಮೇಲೆ ಟೆರೇಸಿಗೆ ಹತ್ತಿದರು. ಜುಲೈ ಎರಡನೇ ವಾರ ಲ್ಯಾಬಿನವಳಿಂದ ಫೋಟೋ ಬಂತು. ಮೂಲೆಯಲ್ಲಿ ಅಂಗೈ ಅಗಲ ಪಸೆ, ಮೊದಲಿಗಿಂತ ಕಡಿಮೆ. ಜಗಳದ ಮಾತು ಒಂದೂ ಇಲ್ಲ, "ನೀವು ಹೇಳಿದ ಜಾಗದಲ್ಲೇ ಬಂತು, ಮಳೆ ನಿಂತ ಮೇಲೆ ಮೇಸ್ತ್ರಿಯನ್ನು ಕಳಿಸಿ" ಎಂದಷ್ಟೇ ಇತ್ತು. ಮೇಸ್ತ್ರಿಗೆ ನವೆಂಬರ್‌ಗೆ ಹೇಳಿಟ್ಟಿದ್ದೇನೆ.